ಸೋಲಾರ್ ಟಾಕಿ ಗಾಳಿಗೆ ಅಲುಗದಂತೆ ಕೂರಿಸುವುದು ಹೇಗೆ?

ಗದಗಿನಲ್ಲಿ ನಮ್ಮ ಬೀಗರ ಮನೆಯ ಟೆರೇಸಿನ ಮೇಲೆ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಕೂರಿಸಿದರು. ಅವತ್ತು ನಳದ ನೀರು ಬರುವ ದಿನವಲ್ಲ, ಹಾಗಾಗಿ ಟಾಕಿ ಖಾಲಿಯೇ ಉಳಿಯಿತು. ಕಾಲುಗಳ ಮೇಲೆ ಎರಡೆರಡು ಇಟ್ಟಂಗಿ ಹೇರಿ, "ಏನ್ ಆಗೂದಿಲ್ಲ ಬಿಡ್ರಿ, ನೀರ್ ತುಂಬಿದ್ರ ಆನಿ ಹಂಗ ಕುಂದರತೈತಿ" ಎಂದು ಹುಡುಗರು ಹೊರಟುಹೋದರು. ಸಂಜೆ ಐದರ ಹೊತ್ತಿಗೆ ಗಾಳಿ ಎದ್ದಿತು. ಮಳೆ ಬೀಳುವ ಮೊದಲೇ ಸ್ಟ್ಯಾಂಡು ಮಗುಚಿ ಇಪ್ಪತ್ತು ಗಾಜಿನ ಟ್ಯೂಬುಗಳಲ್ಲಿ ಹದಿನೇಳು ಪುಡಿಯಾದವು.

ನೀರು ತುಂಬಿದರೆ ಭಾರವಾಗಿ ಕೂರುತ್ತದೆ ಎನ್ನುವುದು ನಿಜ. ಆದರೆ ಖಾಲಿ ಇರುವಾಗ ಟಾಕಿ, ಟ್ಯೂಬು, ಸ್ಟ್ಯಾಂಡು ಸೇರಿದರೂ ತೂಕ ಹೆಚ್ಚುಕಡಿಮೆ ನೂರು ಕೆ.ಜಿ. ಮಾತ್ರ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 47 ಕೆ.ಜಿ.ಯಷ್ಟು ನೂಕುತ್ತದೆ. ಇಪ್ಪತ್ತು ಟ್ಯೂಬುಗಳ ಮೈ ಎರಡು ಚದರ ಮೀಟರಿನಷ್ಟು. ಗಾಳಿ ಉತ್ತರದಿಂದ, ಅಂದರೆ ಹಿಂದಿನಿಂದ ನುಗ್ಗಿದರೆ ಟ್ಯೂಬುಗಳ ಕೆಳಗೆ ಹೊಕ್ಕು ಮೊರ ಹಿಡಿದ ಹಾಗೆ ಎತ್ತುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುವುದರಿಂದ, ದಿನದ ಗಾಳಿಗೆ ಅಲುಗದ್ದು ಬಿರುಗಾಳಿಗೂ ಅಲುಗದು ಎಂದು ನಂಬುವಂತಿಲ್ಲ.

ಜಾಗ. ಟ್ಯೂಬುಗಳು ದಕ್ಷಿಣಕ್ಕೆ ಮುಖ ಮಾಡಿರಲಿ. ನೆರಳು ಬೀಳದ, ಪ್ಯಾರಾಪೆಟ್‌ನಿಂದ ಐದಾರು ಅಡಿ ಒಳಗಿನ ಜಾಗ ಹಿಡಿಯಿರಿ. ಟೆರೇಸಿನ ಮೂಲೆಗಳಲ್ಲಿ ಗಾಳಿಯ ಸೆಳೆತ ಹೆಚ್ಚು. ತುಂಬಿದ ಟಾಕಿಯ ಭಾರ ಬಹುಪಾಲು ಹಿಂದಿನ ಕಾಲುಗಳ ಮೇಲೆಯೇ ಬೀಳುತ್ತದೆ, ಆದ್ದರಿಂದ ಅವು ಕೆಳಗಿನ ಗೋಡೆ ಅಥವಾ ಬೀಮಿನ ನೇರಕ್ಕೆ ಬರಬೇಕು. ಮಣ್ಣಿನ ಮಾಳಿಗೆಯ ಮನೆಯಾದರೆ ಈ ಕೆಲಸವೇ ಬೇಡ. ಬೇರೆ ಆರ್‌ಸಿಸಿ ಭಾಗ ಇದ್ದರೆ ಅಲ್ಲಿ ನೋಡಿ.

ಕಾಲು ಊರುವ ಕಟ್ಟೆ. ಎಲ್ಲರೂ ತಪ್ಪುವುದು ಇಲ್ಲೇ. ಅವಸರದವರು ಸ್ಲ್ಯಾಬಿಗೆ ನೇರ ಡ್ರಿಲ್ ಹಾಕಿ ಫಾಸ್ಟನರ್ ಬಡಿಯುತ್ತಾರೆ. ನಮ್ಮ ಕಡೆ ಬಹಳಷ್ಟು ಟೆರೇಸುಗಳಲ್ಲಿ ಸ್ಲ್ಯಾಬಿನ ಮೇಲೆ ಇಟ್ಟಂಗಿ ಚೂರು, ಗಾರೆಯ ಮೂರ್ನಾಲ್ಕು ಇಂಚಿನ ಪದರ ಇರುತ್ತದೆ. ಡ್ರಿಲ್ಲಿನಿಂದ ಕೆಂಪು ಪುಡಿ ಬರುತ್ತಿದ್ದರೆ ನೀವಿನ್ನೂ ಆ ಪದರದಲ್ಲೇ ಇದ್ದೀರಿ, ಕಾಂಕ್ರೀಟು ಸಿಕ್ಕರೆ ಪುಡಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಂಪು ಪದರದಲ್ಲಿ ಬಡಿದ ಬೋಲ್ಟು ಗಾಳಿಗೆ ಹಲ್ಲು ಕಿತ್ತ ಹಾಗೆ ಬರುತ್ತದೆ. ಕಾಂಕ್ರೀಟಿನವರೆಗೆ ಕೊರೆದರೆ ಹಿಡಿತವೇನೋ ಸಿಗುತ್ತದೆ, ಆದರೆ ಆ ತೂತಿನಿಂದಲೇ ನೀರು ಇಳಿದು ಎರಡನೇ ಮಳೆಗಾಲಕ್ಕೆ ಕೆಳಗಿನ ಕೋಣೆಯ ಛತ್ತಿನಲ್ಲಿ ಕಲೆ ಮೂಡಿಸುತ್ತದೆ. ನಾನು ಟೆರೇಸಿಗೆ ಒಂದೂ ತೂತು ಹಾಕಲು ಬಿಡುವುದಿಲ್ಲ.

ಅದರ ಬದಲು ನಾಲ್ಕು ಕಾಂಕ್ರೀಟ್ ಕಟ್ಟೆ ಹಾಕಿಸಿ. ಒಂದೊಂದು 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 15 ಸೆಂ.ಮೀ. ಎತ್ತರ ಇರಲಿ. ಒಂದರ ತೂಕ 70 ಕೆ.ಜಿ. ದಾಟುತ್ತದೆ, ನಾಲ್ಕೂ ಸೇರಿ 290 ಕೆ.ಜಿ. ಆಸುಪಾಸು. ಖಾಲಿ ಟಾಕಿಯ ದಿನವೂ ಈ ಭಾರ ಕಾಲು ಹಿಡಿದಿರುತ್ತದೆ. ಒಂದು ಅಡಿ ಎತ್ತರದ ಕಟ್ಟೆ ಬೇಡ. ಸೋಲಾರ್ ಅಷ್ಟು ಮೇಲೆ ಹೋದರೆ ತಣ್ಣೀರಿನ ಟಾಕಿ ಅದಕ್ಕಿಂತ ಕೆಳಗಾಗಿ ನೀರೇ ಏರುವುದಿಲ್ಲ. ತಣ್ಣೀರಿನ ಟಾಕಿಯ ತಳ ಸೋಲಾರ್ ಟಾಕಿಯ ನೆತ್ತಿಗಿಂತ ಒಂದು ಅಡಿಯಾದರೂ ಮೇಲಿರಬೇಕು, ಇದನ್ನು ಕಟ್ಟೆ ಹಾಕುವ ಮೊದಲೇ ಅಳೆಯಿರಿ.

ಕಟ್ಟೆ ಬರುವ ಜಾಗವನ್ನು ಚಾಣದಿಂದ ಮೇಲುಮೇಲೆ ಕೆತ್ತಿ ಒರಟು ಮಾಡಿ, ತೊಳೆದು, ಸಿಮೆಂಟಿನ ತಿಳಿ ಬಳಿಯಿರಿ. ಒಂದು ಪಾಲು ಸಿಮೆಂಟು, ಒಂದೂವರೆ ಉಸುಕು, ಮೂರು ಖಡಿ. ನಾಲ್ಕು ಕಟ್ಟೆಗೆ ಒಂದು ಚೀಲ ಸಿಮೆಂಟು ಸಾಕು. ಗೌಂಡಿ ನೀರು ಹೆಚ್ಚು ಸುರಿಯದಂತೆ ನಿಂತು ನೋಡಿಕೊಳ್ಳಿ.

ಇನ್ನು ಬೋಲ್ಟು. 12 ಮಿ.ಮೀ. ದಪ್ಪದ, ತಳ ಕೊಕ್ಕೆಯಂತೆ ಬಾಗಿದ ಜೆ-ಬೋಲ್ಟ್ ತನ್ನಿ. 12 ಸೆಂ.ಮೀ. ಕಾಂಕ್ರೀಟಿನೊಳಗೆ ಹೋಗಿ, ನಾಲ್ಕು ಸೆಂ.ಮೀ. ಮೇಲೆ ಉಳಿಯಲಿ. ಇವನ್ನು ಅಂದಾಜಿನ ಮೇಲೆ ನೆಡಲೇಬೇಡಿ. ಅಂದಾಜಿನವರ ಮನೆಯಲ್ಲಿ ಆಮೇಲೆ ಕಾಲಿನ ತೂತಿಗೂ ಬೋಲ್ಟಿಗೂ ಅರ್ಧ ಇಂಚು ವ್ಯತ್ಯಾಸ ಬರುತ್ತದೆ. ಆಗ ಬೋಲ್ಟನ್ನು ಸುತ್ತಿಗೆಯಿಂದ ಬಾಗಿಸುತ್ತಾರೆ, ಇಲ್ಲವೇ ತೂತನ್ನು ದೊಡ್ಡದು ಮಾಡುತ್ತಾರೆ. ಎರಡರಲ್ಲೂ ಹಿಡಿತ ಹೋಯಿತು. ಸರಿಯಾದ ದಾರಿ ಎಂದರೆ, ಟಾಕಿ, ಟ್ಯೂಬು ಇಲ್ಲದ ಬರೀ ಸ್ಟ್ಯಾಂಡನ್ನು ಮೊದಲೇ ಜೋಡಿಸಿ, ಕಾಲಿನ ತೂತುಗಳಲ್ಲಿ ಬೋಲ್ಟು ತೂರಿಸಿ, ಕೆಳಗೊಂದು ಮೇಲೊಂದು ನಟ್ ಹಾಕಿ ನೇತುಬಿಡುವುದು. ಸ್ಟ್ಯಾಂಡನ್ನು ಇಟ್ಟಂಗಿಯ ಮೇಲೆ ಕಟ್ಟೆಯ ಎತ್ತರಕ್ಕೆ ನಿಲ್ಲಿಸಿ. ಕರ್ಣ ಎರಡೂ ಸಮ ಬರುವವರೆಗೆ ಟೇಪು ಹಿಡಿದು ಸರಿಸಿ. ಟಾಕಿ ಕೂರುವ ಎರಡು ತುದಿಗಳಿಗೆ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಪೂರ್ವ-ಪಶ್ಚಿಮ ಸಮಮಟ್ಟ ನೋಡಿ, ಟೆರೇಸಿನ ಇಳಿಜಾರು ಇಲ್ಲೇ ಸರಿಹೋಗಬೇಕು. ಆಮೇಲೆ ಸುತ್ತ ಹಲಗೆ ಇಟ್ಟು ಕಾಂಕ್ರೀಟು ಸುರಿದು ಸಳಿಯಿಂದ ಚುಚ್ಚಿ ಕೂರಿಸಿ. ಹೊರಗುಳಿದ ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತಿ.

ಒದ್ದೆ ಗೋಣಿತಟ್ಟು ಹೊದಿಸಿ ಏಳು ದಿನ ನೀರು ಉಣಿಸಿ. ನಾಳೆಯೇ ಕೂರಿಸುತ್ತೇವೆ ಎನ್ನುವವರನ್ನು ವಾಪಸು ಕಳಿಸಿ. ಏಳು ದಿನವಾದ ಮೇಲೆ ವಾಷರ್ ಹಾಕಿ, ಪ್ರತಿ ಬೋಲ್ಟಿಗೆ ಮೇಲೆ ಎರಡೆರಡು ನಟ್ ಬಿಗಿಯಿರಿ. ಮೇಲಿನದು ಕೆಳಗಿನದು ಸಡಿಲಾಗದಂತೆ ತಡೆಯುತ್ತದೆ. ನಟ್, ಬೋಲ್ಟು, ವಾಷರ್ ಎಲ್ಲವೂ ಜಿಂಕ್ ಲೇಪದ್ದೇ ಇರಲಿ. ಬರೀ ಕಬ್ಬಿಣದ್ದು ಕೆಲವೇ ಮಳೆಗಾಲಕ್ಕೆ ತುಕ್ಕು ತಿಂದು ಸಣ್ಣಗಾಗುತ್ತದೆ. ಕಟ್ಟೆಯ ಸುತ್ತ ನೀರು ನಿಲ್ಲದಂತೆ ಸಿಮೆಂಟಿನ ಇಳಿಜಾರು ಅಂಚು ಹೊಡೆಸಿ.

ಟಾಕಿಯಿಂದ ಪ್ಯಾರಾಪೆಟ್‌ಗೆ ತಂತಿ ಬಿಗಿಯುವುದು ಇನ್ನೊಂದು ಚಾಳಿ. ಪ್ಯಾರಾಪೆಟ್ ಬಹುತೇಕ ಕಡೆ ನಾಲ್ಕೂವರೆ ಇಂಚಿನ ಇಟ್ಟಂಗಿ ಗೋಡೆ. ಗಾಳಿಗೆ ತಂತಿ ಜಗ್ಗಿದರೆ ಗೋಡೆಯ ಇಟ್ಟಂಗಿಯೇ ಒಳಕ್ಕೆ ಬೀಳುತ್ತದೆ. ಬೇಡ.

ಟಾಕಿ, ಟ್ಯೂಬು, ನೀರು. ಟಾಕಿಯನ್ನು ಪಟ್ಟಿಗಳಿಂದ ಸ್ಟ್ಯಾಂಡಿಗೆ ಬಿಗಿಯಿರಿ. ಟ್ಯೂಬು ಕೊನೆಗೆ ಹಾಕಿ, ಅದೂ ಬೆಳಗ್ಗೆ ಬಿಸಿಲೇರುವ ಮೊದಲು, ತಣ್ಣೀರಿನ ಟಾಕಿಯಲ್ಲಿ ನೀರಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ಖಾಲಿ ಟ್ಯೂಬು ಬಿಸಿಲಿಗೆ ಕಾದು ನಿಂತಿರುವಾಗ ತಣ್ಣೀರು ಹೊಕ್ಕರೆ ಗಾಜು ಒಡೆಯುತ್ತದೆ. ಹಾಕಿದ ತಕ್ಷಣ ನೀರು ತುಂಬಿ. ನೀರು ಬರುವ ದಿನವಲ್ಲದಿದ್ದರೆ ಟ್ಯೂಬುಗಳು ಡಬ್ಬದಲ್ಲೇ ಇರಲಿ, ಬರೀ ಟಾಕಿಯನ್ನು ಬೋಲ್ಟು ಬಿಗಿದ ಸ್ಟ್ಯಾಂಡಿನ ಮೇಲೆ ಬಿಡಿ.

ಎಲ್ಲ ಬಿಗಿದ ಮೇಲೆ ಪ್ರತಿ ನಟ್ಟಿನಿಂದ ಕಾಲಿನ ಪಟ್ಟಿಗೆ ಬರುವಂತೆ ಬಣ್ಣದಿಂದ ಒಂದು ಗೆರೆ ಎಳೆಯಿರಿ. ತಿಂಗಳ ನಂತರ ಒಮ್ಮೆ, ಆಮೇಲೆ ಪ್ರತಿ ವರ್ಷ ಮಾರ್ಚಿನಲ್ಲಿ ಅಡ್ಡಮಳೆ ಶುರುವಾಗುವ ಮೊದಲು ಮೇಲೆ ಹತ್ತಿ ನೋಡಿ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಎಂದು ಅರ್ಥ, ಪಾನಾ ಹಿಡಿದು ಬಿಗಿಯಿರಿ. ಗೆರೆ ಸರಿಯಿದ್ದೂ ಗಾಳಿಯ ರಾತ್ರಿ ಟೆರೇಸಿನಿಂದ ಕಟಕಟ ಸದ್ದು ಬಂದರೆ ಟಾಕಿಯ ಪಟ್ಟಿಯ ಕೆಳಗಿನ ಸ್ಕ್ರೂಗಳನ್ನು ಮುಟ್ಟಿ ನೋಡಿ, ಸಾಮಾನ್ಯವಾಗಿ ಸಡಿಲಾಗುವುದು ಅವೇ.