ಥೈರಾಯ್ಡ್‌ನಲ್ಲಿ ಅಯೋಡಿನ್ ಎಷ್ಟು ದಿನ ಉಳಿಯುತ್ತದೆ: ನಾನು ಲೆಕ್ಕ ಹಾಕುವ ರೀತಿ

ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಭೌತವಿಜ್ಞಾನಿಯಾಗಿ ನನ್ನ ಕೆಲಸದ ಒಂದು ಭಾಗ ಇದು: ಹೈಪರ್‌ಥೈರಾಯ್ಡ್ ಇರುವವರಿಗೆ ಅಯೋಡಿನ್-131 ಕೊಡುವ ಮೊದಲು, ಅದು ಅವರ ಗ್ರಂಥಿಯಲ್ಲಿ ಎಷ್ಟು ಕಾಲ ಇರುತ್ತದೆ ಎಂದು ಅಳೆಯುವುದು. ಚಿಕಿತ್ಸೆಗೆ ಮುಂಚೆ ತೀರಾ ಸಣ್ಣ ಪ್ರಮಾಣವನ್ನು ನುಂಗಿಸುತ್ತೇವೆ. ಆಮೇಲೆ ಕುತ್ತಿಗೆಯ ಮುಂದೆ ಪ್ರೋಬ್ ಇಟ್ಟು, ಅಲ್ಲಿಂದ ಬರುವ ವಿಕಿರಣದ ಕೌಂಟ್ ತೆಗೆಯುತ್ತೇವೆ.

ಅಯೋಡಿನ್-131ರ ಭೌತಿಕ ಅರ್ಧಾಯು 8.02 ದಿನ. ಬಾಟಲಿಯಲ್ಲಿದ್ದರೂ ಅಷ್ಟೇ, ಗ್ರಂಥಿಯಲ್ಲಿದ್ದರೂ ಅಷ್ಟೇ. ಆದರೆ ಗ್ರಂಥಿ ಸುಮ್ನೆ ಕೂರುವುದಿಲ್ಲ. ಅಯೋಡಿನ್ನನ್ನು ಹಾರ್ಮೋನಿಗೆ ಸೇರಿಸಿ ರಕ್ತಕ್ಕೆ ಬಿಡುತ್ತದೆ. ಹೀಗೆ ಗ್ರಂಥಿ ಖಾಲಿಯಾಗುವ ವೇಗವೇ ಜೈವಿಕ ಅರ್ಧಾಯು. ಆರೋಗ್ಯವಂತ ವಯಸ್ಕರಲ್ಲಿ ಇದನ್ನು ಸಾಮಾನ್ಯವಾಗಿ ಸುಮಾರು 80 ದಿನ ಎಂದು ಹಿಡಿಯುತ್ತಾರೆ. ಹೈಪರ್‌ಥೈರಾಯ್ಡ್‌ನಲ್ಲಿ ಇದು ಬಹಳ ಕಡಿಮೆಯಾಗಬಹುದು.

ಒಂದು ತೊಟ್ಟಿಗೆ ಎರಡು ತೂತು ಇದ್ದ ಹಾಗೆ ಇದು. ದಿನಕ್ಕೆ ಇಷ್ಟು ಪಾಲು ವಿಘಟನೆಯಿಂದ ಹೋಗುತ್ತದೆ, ಇಷ್ಟು ಪಾಲು ಹಾರ್ಮೋನ್ ಜೊತೆ ಹೋಗುತ್ತದೆ. ಕೂಡುವುದು ಈ ವೇಗಗಳನ್ನು, ದಿನಗಳನ್ನಲ್ಲ. ಅದಕ್ಕೇ ಸೂತ್ರ ತಲೆಕೆಳಗಾಗಿ ಬರುತ್ತದೆ:

```
1/Te = 1/Tp + 1/Tb
```

Tp ಭೌತಿಕ, Tb ಜೈವಿಕ, Te ಎರಡೂ ಸೇರಿದ ಪರಿಣಾಮಕಾರಿ ಅರ್ಧಾಯು. 8.02 ಮತ್ತು 80 ಹಾಕಿದರೆ Te 7.3 ದಿನ. ಉತ್ತರ ಯಾವಾಗಲೂ ಎರಡಕ್ಕಿಂತಲೂ ಚಿಕ್ಕದಾಗಿರಬೇಕು.

ಈಗ ಒಂದು ಉದಾಹರಣೆ. ಅಂಕಿಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಇಟ್ಟಿದ್ದೇನೆ. ಔಷಧಿ ಕೊಟ್ಟ 24 ಗಂಟೆಗೆ ಕುತ್ತಿಗೆಯಲ್ಲಿ ನಿಮಿಷಕ್ಕೆ 24,000 ಕೌಂಟ್. ಏಳನೇ ದಿನ 11,600. ಎರಡರಲ್ಲೂ ತೊಡೆಯ ಮೇಲೆ ತೆಗೆದ ಹಿನ್ನೆಲೆ ಕೌಂಟ್ ಕಳೆದಾಗಿದೆ. ನಡುವೆ 6 ದಿನ.

```
ln(24000/11600) = 0.727
0.727 / 6       = 0.1212 (ದಿನಕ್ಕೆ)
Te = 0.693 / 0.1212 = 5.7 ದಿನ
```

ಭೌತಿಕ ವೇಗ 0.693/8.02, ಅಂದರೆ ದಿನಕ್ಕೆ 0.0864. ಅದನ್ನು 0.1212ರಿಂದ ಕಳೆದರೆ 0.0348 ಉಳಿಯುತ್ತದೆ. ಹಾಗಾಗಿ Tb ಸುಮಾರು 20 ದಿನ. ಈ ಗ್ರಂಥಿ ಅಯೋಡಿನ್ನನ್ನು ಬೇಗ ಬೇಗ ಹೊರಹಾಕುತ್ತಿದೆ.

ಹೊಸಬರು ನನ್ನ ಜೊತೆ ಕೆಲಸಕ್ಕೆ ಸೇರಿದಾಗ ನಾನು ಹೆಚ್ಚು ಹೊತ್ತು ಕೂತು ವಿವರಿಸುವುದು ಮುಂದಿನ ಹೆಜ್ಜೆಯನ್ನು. ನಾವು ರೋಗಿಯ ಕೌಂಟ್ ಜೊತೆಗೆ ಸ್ಟ್ಯಾಂಡರ್ಡ್ ಒಂದನ್ನೂ ಎಣಿಸುತ್ತೇವೆ. ಕೊಟ್ಟಷ್ಟೇ ಅಯೋಡಿನ್, ಕುತ್ತಿಗೆಯ ಆಕಾರದ ಫ್ಯಾಂಟಮ್‌ನಲ್ಲಿ ಇಟ್ಟಿರುತ್ತದೆ. ಮೊದಲ ದಿನ ಅದರ ಕೌಂಟ್ 40,000. ಅಂದರೆ ಕೊಟ್ಟದ್ದರಲ್ಲಿ ಗ್ರಂಥಿಯಲ್ಲಿರುವ ಪಾಲು, ಅಪ್‌ಟೇಕ್, 60 ಶೇಕಡ. ಏಳನೇ ದಿನ ಸ್ಟ್ಯಾಂಡರ್ಡ್ ಕೂಡ ಕರಗಿ ಸುಮಾರು 23,800ಕ್ಕೆ ಇಳಿದಿರುತ್ತದೆ. ಆಗ ಅಪ್‌ಟೇಕ್ 48.7 ಶೇಕಡ. ಇಲ್ಲಿ ವಿಘಟನೆ ಎರಡೂ ಕಡೆ ಇರುವುದರಿಂದ ವಜಾ ಆಗಿಬಿಟ್ಟಿದೆ, ಅಲ್ವಾ? ಈ ಶೇಕಡಗಳಿಂದ ಅರ್ಧಾಯು ತೆಗೆದರೆ ಸಿಗುವುದು 20 ದಿನ, ಅಂದರೆ ಜೈವಿಕ. ಅದನ್ನೇ ಪರಿಣಾಮಕಾರಿ ಎಂದು ಬರೆದರೆ ಅಯೋಡಿನ್ ಮೂರೂವರೆ ಪಟ್ಟು ಜಾಸ್ತಿ ಕಾಲ ಇರುತ್ತದೆ ಎಂದು ಲೆಕ್ಕವಾಗುತ್ತದೆ. ಗ್ರಂಥಿಗೆ ಸಿಗುವ ಡೋಸ್ Te ಜೊತೆಗೇ ಏರಿಳಿಯುವುದರಿಂದ, ಕೊಡಬೇಕಾದದ್ದರ ಮೂರರಲ್ಲೊಂದು ಪಾಲಿಗಿಂತಲೂ ಕಡಿಮೆ ಕೊಟ್ಟು ಕಳಿಸುತ್ತೇವೆ. ಹಾಗಾಗಿ ನನ್ನ ಹಾಳೆಯಲ್ಲಿ ಕಾಲಮ್ ಮೇಲೆಯೇ "ವಿಘಟನೆ ಸರಿಪಡಿಸಿದ್ದು" ಅಥವಾ "ಸರಿಪಡಿಸದ್ದು" ಎಂದು ಬರೆದಿರುತ್ತದೆ.

Te 8.02ಕ್ಕಿಂತ ಜಾಸ್ತಿ ಬಂದರೆ ಲೆಕ್ಕ ಮುಂದುವರಿಸುವುದಿಲ್ಲ. ಅದು ಸಾಧ್ಯವೇ ಇಲ್ಲದ ಉತ್ತರ. ಸ್ಟ್ಯಾಂಡರ್ಡ್ ಗೊಂದಲ ಆಗಿರಬಹುದು. ಎರಡನೇ ಸಲ ಅಳೆಯುವಾಗ ಪ್ರೋಬ್ ಸ್ವಲ್ಪ ಹತ್ತಿರ ಇಟ್ಟಿರಬಹುದು. ಅಪ್‌ಟೇಕ್ ಇನ್ನೂ ಏರುತ್ತಿರುವಾಗಲೇ ಮೊದಲ ಕೌಂಟ್ ತೆಗೆದಿರಬಹುದು. ಚಿಕಿತ್ಸೆಯ ಪ್ರಮಾಣ ಕೊಟ್ಟ ಮೇಲೆ ಅಳೆದಿದ್ದರೆ ಡೆಡ್ ಟೈಮ್ ಮೇಲೆ ನನ್ನ ಅನುಮಾನ ಹೋಗುತ್ತದೆ. ಮೊದಲ ದಿನ ಡಿಟೆಕ್ಟರ್ ಎಣಿಸಲಾಗದೆ ಕೌಂಟ್ ಕಮ್ಮಿ ತೋರಿಸುತ್ತದೆ, ಇಳಿಕೆ ನಿಧಾನವಾದಂತೆ ಕಾಣುತ್ತದೆ. ಎರಡೇ ಬಿಂದುಗಳಿದ್ದರೆ ಇವುಗಳಲ್ಲಿ ಯಾವುದೆಂದು ಹೇಳುವುದು ಕಷ್ಟ. ಆದ್ದರಿಂದ ನಾಲ್ಕನೇ ದಿನವೂ ಒಂದು ಕೌಂಟ್ ಕೇಳುತ್ತೇನೆ. ಲಾಗ್ ಗ್ರಾಫಿನಲ್ಲಿ ಮೂರೂ ಒಂದೇ ಗೆರೆಯ ಮೇಲೆ ಬರಬೇಕು.

ಇನ್ನೊಂದು ವಿಷಯ. Te ಭೌತಿಕ ಅರ್ಧಾಯುವಿಗೆ ಹತ್ತಿರವಾದಾಗ Tb ನಂಬಲು ಆಗುವುದಿಲ್ಲ. Te 7.3 ಬಂದರೆ Tb ಸುಮಾರು 81 ದಿನ, 7.5 ಬಂದರೆ 116. ಕೌಂಟಿನ ಸಹಜ ಏರಿಳಿತವೇ ಅಷ್ಟು ವ್ಯತ್ಯಾಸ ತರಬಲ್ಲದು. ಡೋಸ್‌ಗೆ ಬೇಕಾದ Te ಮಾತ್ರ ಹೆಚ್ಚು ಅಲ್ಲಾಡಿರುವುದಿಲ್ಲ. ಅಂಥ ರೋಗಿಯ ವರದಿಯಲ್ಲಿ Te ಬರೆಯುತ್ತೇನೆ, Tb ಜಾಗದಲ್ಲಿ "ದೀರ್ಘ" ಎಂದಷ್ಟೇ ಬರೆಯುತ್ತೇನೆ.