ನೆತ್ತಿ ಕಾಣದ ಹಾಗೆ ಬೈತಲೆ ತೆಗೆದದ್ದು

ಕೋಲಾರದಲ್ಲಿ ನನ್ನದೊಂದು ಚಿಕ್ಕ ಪಾರ್ಲರ್ ಇದೆ. ತಮ್ಮ ಮಗಳ ನಿಶ್ಚಿತಾರ್ಥಕ್ಕೆ ಹದಿನೈದು ದಿನ ಇರುವಾಗ ಒಬ್ಬ ಟೀಚರ್ ಬಂದರು. ವಯಸ್ಸು ನಲವತ್ತೆಂಟು. ಕುರ್ಚಿಯಲ್ಲಿ ಕೂತ ಮೇಲೂ ಸೆರಗನ್ನು ತಲೆಯಿಂದ ಇಳಿಸಲಿಲ್ಲ. "ಫೋಟೋದಲ್ಲಿ ನೆತ್ತಿ ಬಿಳಿಯಾಗಿ ಕಾಣುತ್ತೆ ಕಣಮ್ಮ" ಅಂದರು.

ನಾನು ಕತ್ತರಿ ಮುಟ್ಟುವ ಮೊದಲು ಅವರನ್ನು ಕಿಟಕಿ ಹತ್ತಿರ ಕೂರಿಸಿದೆ. ನೆತ್ತಿಯ ಬೈತಲೆ ನೋಡಿದೆ. ಆಮೇಲೆ ತಲೆಯ ಹಿಂಭಾಗದಲ್ಲೂ ಒಂದು ಬೈತಲೆ ತೆಗೆದು ಪಕ್ಕಪಕ್ಕ ಹೋಲಿಸಿದೆ. ಹಿಂದೆ ಗೆರೆ ದಾರದಷ್ಟು ಸಣ್ಣ, ನೆತ್ತಿಯಲ್ಲಿ ಕಿರುಬೆರಳಿನಷ್ಟು ಅಗಲ. ಹಣೆಯ ಅಂಚಿನ ಕೂದಲು ಹಾಗೇ ಇತ್ತು. ಹೆಂಗಸರಿಗೆ ವಯಸ್ಸಾದಂತೆ ತೆಳುವಾಗುವುದು ಸಾಮಾನ್ಯವಾಗಿ ಹೀಗೇ. ನಾಣ್ಯದ ಹಾಗೆ ದುಂಡಗೆ ಉದುರಿದ್ದರೆ, ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ಅಥವಾ ಹೊಳೆಯುತ್ತಿದ್ದರೆ ನಾನು ನೆತ್ತಿ ಮರೆಮಾಚುವ ಪುಡಿ ಮುಟ್ಟುವುದೇ ಇಲ್ಲ, ಮೊದಲು ಚರ್ಮದ ಡಾಕ್ಟರ್. ಇವರಿಗೆ ಅಂಥದ್ದೇನೂ ಇರಲಿಲ್ಲ. ಆದರೂ ಡಾಕ್ಟರಿಗೆ ತೋರಿಸಿ, ಥೈರಾಯ್ಡ್, ರಕ್ತದಲ್ಲಿ ಕಬ್ಬಿಣದಂಶ ನೋಡಿಸಿ ಅಂದೆ. ನನ್ನ ಕೈಲಿ ಆಗುವುದು ಮರೆಮಾಚುವುದಷ್ಟೇ, ಬೆಳೆಸುವುದಲ್ಲ.

ಕೂದಲು ಸೊಂಟದವರೆಗಿತ್ತು. ಉದ್ದದ ಭಾರಕ್ಕೆ ನೆತ್ತಿಯ ಕೂದಲು ತಲೆಗೆ ಅಂಟಿಕೊಂಡಿತ್ತು. ಭುಜದವರೆಗೆ ಕತ್ತರಿಸೋಣ ಅಂದರೆ ಒಪ್ಪಲಿಲ್ಲ, ಜಡೆ ಬೇಕು ಅಂದರು. ಕೊನೆಗೆ ಬೆನ್ನಿನ ಮಧ್ಯಕ್ಕೆ ನಿಲ್ಲಿಸಿದೆವು. ತುದಿಯನ್ನು ಒಂದೇ ಸಮನಾಗಿ ನೇರ ಕತ್ತರಿಸಿದೆ, ಆಗ ಕೂದಲು ದಟ್ಟವಾಗಿ ಕಾಣುತ್ತದೆ. ಮುಖದ ಪಕ್ಕ ಮಾತ್ರ ಗಲ್ಲದಿಂದ ಕೆಳಗೆ ಒಂದೆರಡು ಲೇಯರ್ ಕೊಟ್ಟೆ. ನೆತ್ತಿಯಲ್ಲಿ ಲೇಯರ್ ಬೇಡವೇ ಬೇಡ. ಕೆಲಸ ಕಲಿತ ಹೊಸದರಲ್ಲಿ ಒಬ್ಬರಿಗೆ ಉಬ್ಬು ಬರಲಿ ಅಂತ ಹಲ್ಲಿನ ಕತ್ತರಿಯಿಂದ ಅಲ್ಲಿ ಕತ್ತರಿಸಿದ್ದೆ. ಮೋಟು ಕೂದಲು ಎದ್ದು ನಿಂತು, ಚರ್ಮ ಇನ್ನೂ ಜಾಸ್ತಿ ಕಂಡಿತ್ತು. ಅವರ ಮುಖ ಈಗಲೂ ನೆನಪಿದೆ.

ಕಷ್ಟವಾದದ್ದು ಬೈತಲೆ. ಮೂವತ್ತು ವರ್ಷ ಒಂದೇ ಜಾಗದಲ್ಲಿ ತೆಗೆದು ಕೂದಲು ಅಲ್ಲೇ ಸೀಳಿಕೊಂಡು ಮಲಗುತ್ತಿತ್ತು. ಪಕ್ಕಕ್ಕೆ ತೆಗೆಯೋಣ ಅಂದೆ. "ಕುಂಕುಮ ಎಲ್ಲಿಡಲಿ?" ಅಂದರು. ಸರಿಯಾದ ಮಾತೇ ಅಲ್ವಾ? ಹಾಗಾಗಿ ಹಣೆಯ ಮೇಲೆ ಅರ್ಧ ಇಂಚು ನಡುವಿನಲ್ಲೇ ಬಿಟ್ಟೆ, ಕುಂಕುಮಕ್ಕೆ ಅಷ್ಟು ಸಾಕು. ಅಲ್ಲಿಂದ ಚೂಪು ಹಿಡಿಯ ಬಾಚಣಿಗೆಯಲ್ಲಿ ಎಡಕ್ಕೆ ಎರಡು ಬೆರಳು ತಿರುಗಿಸಿ, ಸಣ್ಣ ಅಂಕುಡೊಂಕು ಮಾಡಿ, ನೆತ್ತಿಗೆ ಮುಂಚೆಯೇ ಗೆರೆ ನಿಲ್ಲಿಸಿದೆ. ಹಿಂದಿನವರೆಗೆ ಎಳೆದರೆ ಚರ್ಮ ಮತ್ತೆ ಕಾಣುತ್ತದೆ. ದಿನಾ ತಲೆ ಒದ್ದೆ ಮಾಡಿದಾಗ ಬುಡದ ಕೂದಲನ್ನು ಹಳೆಯ ದಿಕ್ಕಿಗೆ ಎದುರಾಗಿ ಬಾಚಿ ಒಣಗಿಸಿ, ಬಿಗಿಯಾಗಿ ಜಡೆ ಎಳೆಯಬೇಡಿ ಅಂತ ಹೇಳಿ ಕಳಿಸಿದೆ.

ಹೇರ್ ಫೈಬರ್ ಪುಡಿಯನ್ನು ನಾಲ್ಕು ದಿನ ಮುಂಚೆಯೇ ಹಾಕಿ ನೋಡಿದೆವು. ಇದು ಕೆರಾಟಿನ್‌ನ ನುಣ್ಣನೆಯ ಎಳೆ. ಇರುವ ಕೂದಲಿಗೆ ಅಂಟಿಕೊಂಡು ಅದನ್ನು ದಪ್ಪ ಮಾಡಿ ತೋರಿಸುತ್ತದೆ. ಕೂದಲೇ ಇಲ್ಲದ ಕಡೆ ನಿಲ್ಲುವುದಿಲ್ಲ. ಅವತ್ತು ನಾನೇ ಅವಸರ ಮಾಡಿದೆ. ಬುಡ ಇನ್ನೂ ತೇವ ಇತ್ತು. ಪುಡಿ ಗಂಟುಗಂಟಾಗಿ ಮಸಿ ಬಳಿದ ಹಾಗಾಯಿತು. ಬಣ್ಣವೂ ಕಪ್ಪು ಜಾಸ್ತಿ. ತೊಳೆದು ಮತ್ತೆ ಮಾಡಿದೆ.

ನಿಶ್ಚಿತಾರ್ಥದ ಬೆಳಿಗ್ಗೆ ಹಿಂದಿನ ದಿನದಿಂದ ಎಣ್ಣೆ ಹಚ್ಚಿರಲಿಲ್ಲ. ನಮ್ಮ ಬೋರ್‌ವೆಲ್ ಗಡಸು ನೀರಲ್ಲಿ ಶಾಂಪೂ ಸರಿಯಾಗಿ ಹೋಗುವುದಿಲ್ಲ, ಕೊನೆಗೆ ಒಂದು ಚೊಂಬು ಫಿಲ್ಟರ್ ನೀರು ಹಾಕಿದೆ. ಪೂರ್ತಿ ಒಣಗಿಸಿ, ಜಡೆ ಹಾಕಿದ ಮೇಲೆ ಪುಡಿ. ಬುಡದ ಬಣ್ಣಕ್ಕೆ ಹೊಂದುವ ಗಾಢ ಕಂದು ತಗೊಂಡೆ. ಡಬ್ಬವನ್ನು ನಾಲ್ಕು ಬೆರಳು ಮೇಲೆ ಹಿಡಿದು ನೆತ್ತಿಯ ಮೇಲೆ ಐದಾರು ಸಲ ಮೆಲ್ಲಗೆ ತಟ್ಟಿ, ಅಂಗೈಯಿಂದ ಒತ್ತಿದೆ. ಉಜ್ಜಲಿಲ್ಲ. ಬೈತಲೆ ಗೆರೆಗೆ ಮಾತ್ರ ಸ್ಪಂಜಿನಿಂದ ಒತ್ತುವ ಪುಡಿ, ಅದು ಚರ್ಮಕ್ಕೇ ಬಣ್ಣ ಕೊಡುತ್ತದೆ. ಒಂದಡಿ ದೂರದಿಂದ ಹೇರ್ ಸ್ಪ್ರೇ ಹೊಡೆದೆ. ಬಿಸಿಲಲ್ಲೂ ಟ್ಯೂಬ್‌ಲೈಟ್ ಕೆಳಗೂ ನೋಡಿದೆ.

ಮಲ್ಲಿಗೆ ಮಾಲೆಯ ನೀರು ಕೊಡವಿ, ಕುತ್ತಿಗೆ ಹತ್ತಿರ ಕೆಳಗೇ ಮುಡಿಸಿದೆ. ಬೆವರಿದರೆ ಕರ್ಚೀಫು ಒತ್ತಿ, ಒರೆಸಬೇಡಿ, ರಾತ್ರಿ ತಲೆ ತೊಳೆದೇ ಮಲಗಿ ಅಂದೆ. ಇಲ್ಲದಿದ್ದರೆ ದಿಂಬೆಲ್ಲಾ ಕಪ್ಪು.

ತಿಂಗಳಾದ ಮೇಲೆ ಬಂದರು. ಸೆರಗು ಹೆಗಲ ಮೇಲೇ ಇತ್ತು. ಡಾಕ್ಟರ್ ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಬರೆದಿದ್ದರು. ಅದರ ಜೊತೆ ಪುಡಿ ಹಾಕಬಹುದಾ ಅಂತ ಕೇಳಿದರು. ಔಷಧಿ ಪೂರ್ತಿ ಒಣಗಿದ ಮೇಲೆ ಹಾಕಿ, ಮೊದಲು ಹಾಕಬೇಡಿ ಅಂದೆ. ಬೈತಲೆ ಈಗ ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು.