ರೇಟ್ ಕಾರ್ಡ್‌ಗಿಂತ ಮೊದಲು ನಮ್ಮ ಡಬ್ಬಿ ಅಳೆದೆವು

ಆನ್‌ಲೈನ್‌ನಲ್ಲಿ ಗೋಡೆ ಗಡಿಯಾರ ಮಾರುತ್ತೇನೆ. ಕೊರಿಯರ್ ಕಂಪನಿಗಳ ರೇಟ್ ಕಾರ್ಡ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುವುದು ಮೊದಲ 500 ಗ್ರಾಂ ದರ. ನಮ್ಮ ಬಿಲ್‌ನಲ್ಲಿ ಆ ದರಕ್ಕೆ ಹೋಗುವ ಪಾರ್ಸೆಲ್ ಬಹಳ ಕಡಿಮೆ. ಹಾಗಾಗಿ ಕಾರ್ಡ್‌ಗಳನ್ನು ಪಕ್ಕಕ್ಕಿಟ್ಟು, ಮೊದಲು ನಮ್ಮ ಡಬ್ಬಿಗೆ ಎಷ್ಟು ತೂಕ ಅಂತ ಬಿಲ್ ಆಗುತ್ತದೆ ಎಂದು ಲೆಕ್ಕ ಹಾಕಿದೆ.

ಪ್ಯಾಕ್ ಮಾಡಿದ ಗಡಿಯಾರ ತಕ್ಕಡಿಯಲ್ಲಿ 620 ಗ್ರಾಂ. ಆದರೆ ಕೊರಿಯರ್‌ನವರು ಎರಡು ತೂಕ ನೋಡುತ್ತಾರೆ: ತಕ್ಕಡಿ ತೂಕ ಒಂದು, ಡಬ್ಬಿ ವಾಹನದಲ್ಲಿ ಹಿಡಿಯುವ ಜಾಗದ ತೂಕ ಇನ್ನೊಂದು. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಜಾಗದ ತೂಕ, ಅಂದರೆ ವಾಲ್ಯೂಮೆಟ್ರಿಕ್ ತೂಕ ಬೇಕಾದರೆ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಬೇಕು. ಉತ್ತರ ಕೆಜಿಯಲ್ಲಿ ಬರುತ್ತದೆ. ಅಳತೆ ಡಬ್ಬಿಯ ಹೊರಮೈಯದು, ಒಳಗಿನದಲ್ಲ.

ನಮ್ಮ ಹಳೇ ಡಬ್ಬಿ 32 × 32 × 10. ಗುಣಿಸಿದರೆ 10,240, ಭಾಗಿಸಿದರೆ 2.048 ಕೆಜಿ. ಸ್ಲ್ಯಾಬ್ ಅರ್ಧ ಕೆಜಿಯದು, ಚೂರು ದಾಟಿದರೂ ಮುಂದಿನ ಸ್ಲ್ಯಾಬ್‌ಗೇ ಹೋಗುತ್ತದೆ. ಹಾಗಾಗಿ 620 ಗ್ರಾಂ ವಸ್ತುವಿಗೆ ಎರಡೂವರೆ ಕೆಜಿ ಬಿಲ್. ಆ 48 ಗ್ರಾಂ ಬರೀ ಗಾಳಿ.

ಗಡಿಯಾರದ ಅಡ್ಡಳತೆ 26 ಸೆಂ.ಮೀ, ದಪ್ಪ 4. ಸುತ್ತ ಸುಮಾರು ಒಂದೂವರೆ ಸೆಂ.ಮೀ ಫೋಮ್ ಇಟ್ಟರೆ 30 × 30 × 8 ಡಬ್ಬಿಯಲ್ಲಿ ಕೂರುತ್ತದೆ. ಈಗ 1.44 ಕೆಜಿ, ಬಿಲ್ ಒಂದೂವರೆ ಕೆಜಿಗೆ. ಐದು ಸ್ಲ್ಯಾಬ್ ಇದ್ದದ್ದು ಮೂರಾಯಿತು. ಯಾವ ಕಂಪನಿಯ ಜೊತೆ ಚೌಕಾಸಿ ಮಾಡಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ಹಬ್‌ನಲ್ಲಿ ಅಳೆಯುವ ಯಂತ್ರ ಡಬ್ಬಿಯ ಅತಿ ಉಬ್ಬಿದ ಜಾಗವನ್ನು ಹಿಡಿಯುತ್ತದೆ. ಫೋಮ್ ಒತ್ತಿ ಮುಚ್ಚಳ ಉಬ್ಬಿ ಎತ್ತರ 8 ಹೋಗಿ 9 ಆದರೆ 1.62 ಕೆಜಿ, ಮತ್ತೆ ಎರಡು ಕೆಜಿ ಸ್ಲ್ಯಾಬ್. ಅದಕ್ಕೇ ಟೇಪ್ ಹಾಕಿದ ಮೇಲೆ ಡಬ್ಬಿ ಮೇಲೆ ಒಂದು ಸಪಾಟು ಹಲಗೆ ಇಟ್ಟು, ಅದರ ತಳದಿಂದ ಮೇಜಿನವರೆಗೆ ಅಳೆಯುತ್ತೇವೆ. ಕಣ್ಣಿಗೆ ಕಾಣದ ಉಬ್ಬು ಹಲಗೆಗೆ ಸಿಗುತ್ತದೆ.

ಡಬ್ಬಿ ಗೊತ್ತಾದ ಮೇಲೆ ಹಳೇ ಆರ್ಡರ್‌ಗಳನ್ನೆಲ್ಲಾ ಒಂದು ಶೀಟ್‌ಗೆ ಹಾಕಿದೆ. ಬಿ ಕಾಲಂನಲ್ಲಿ ತಕ್ಕಡಿ ತೂಕ ಕೆಜಿಯಲ್ಲಿ, ಮುಂದಿನ ಮೂರರಲ್ಲಿ ಅಳತೆ. ಸೂತ್ರ ಇಷ್ಟೇ:

```
=CEILING(MAX(B2, C2*D2*E2/5000), 0.5)
```

ಇದರಲ್ಲಿ 5000 ಮತ್ತು 0.5, ಈ ಎರಡು ಸಂಖ್ಯೆ ಪ್ಲಾನ್‌ನಿಂದ ಪ್ಲಾನ್‌ಗೆ ಬದಲಾಗುತ್ತವೆ. ರೇಟ್ ಕಾರ್ಡ್ ಕೈಗೆ ಬಂದಾಗ ನಾನು ಮೊದಲು ಹುಡುಕುವುದು ಇವನ್ನೇ. ಎಷ್ಟೋ ಸಲ ಅವು ಕೊನೆಯ ಪುಟದ ಷರತ್ತುಗಳಲ್ಲಿ ಇರುತ್ತವೆ.

ನನ್ನ ಮುಂದಿದ್ದ ಮೂರು ಪ್ಲಾನ್‌ಗಳನ್ನು ದುಡ್ಡಿನ ಬದಲು ಅಂಕದಲ್ಲಿ ಹೇಳುತ್ತೇನೆ, ಹೋಲಿಸುವುದು ಸುಲಭ. ಮೊದಲನೆಯದರಲ್ಲಿ ಮೊದಲ ಅರ್ಧ ಕೆಜಿಗೆ 100, ಆಮೇಲೆ ಪ್ರತಿ ಅರ್ಧ ಕೆಜಿಗೆ 90, ಭಾಜಕ 5000. ಎರಡನೆಯದು ನೋಡಲು ಅಗ್ಗ: 80, ಆಮೇಲೆ 85. ಆದರೆ ಭಾಜಕ 4000. ನಮ್ಮ ಹೊಸ ಡಬ್ಬಿ ಮೊದಲನೆಯದರಲ್ಲಿ ಒಂದೂವರೆ ಕೆಜಿ, ಅಂದರೆ 280. ಎರಡನೆಯದರಲ್ಲಿ ಅದೇ ಡಬ್ಬಿ 1.8 ಕೆಜಿ ಆಗಿ ಎರಡು ಕೆಜಿ ಸ್ಲ್ಯಾಬ್‌ಗೆ ಹೋಗುತ್ತದೆ, 335. ಅಗ್ಗದ ಕಾರ್ಡ್ ದುಬಾರಿಯಾಯಿತು ಅಲ್ವಾ?

ಮೂರನೆಯದು ರಸ್ತೆ ಮೂಲಕ ಹೋಗುವ ಸರ್ಫೇಸ್ ಪ್ಲಾನ್. ಅದರಲ್ಲಿ ಸಣ್ಣ ಸ್ಲ್ಯಾಬೇ ಇಲ್ಲ, ಮೊದಲ ಎರಡು ಕೆಜಿಗೆ ಒಂದೇ ದರ, 230. ಭಾಜಕ 5000. ಸ್ವಲ್ಪ ನಿಧಾನ, ಆದರೆ ಗಡಿಯಾರ ನಾಳೆಯೇ ಬೇಕು ಅನ್ನುವವರು ಕಡಿಮೆ. ಈ ಪ್ಲಾನ್‌ನಲ್ಲಿ ಡಬ್ಬಿಯನ್ನು 1.44ಕ್ಕೆ ಇಳಿಸಿ ಲಾಭವೇ ಇಲ್ಲ, ಎರಡು ಕೆಜಿಯೊಳಗೆ ಇದ್ದರೆ ಸಾಕು. 32 × 32 × 9 ಮಾಡಿದರೆ 1.84 ಕೆಜಿ. ಸುತ್ತ ಎಲ್ಲಾ ಕಡೆ ಸಾಕಷ್ಟು ಫೋಮ್ ಹಿಡಿಯುತ್ತದೆ, ಗಾಜು ಒಡೆಯುವ ಭಯ ಕಡಿಮೆ. ಹಾಗಾಗಿ ಈ ಪ್ಲಾನ್ ಆರಿಸಿದ ಮೇಲೆ ಡಬ್ಬಿಯನ್ನು ಇನ್ನೊಮ್ಮೆ ಬದಲಿಸಿದೆವು. ಎತ್ತರ ಮಾತ್ರ 9 ದಾಟಬಾರದು, 10 ಆದರೆ ಎರಡು ಕೆಜಿ ಮೀರುತ್ತದೆ.

ಮುಳ್ಳು, ಮೆಷಿನ್ ಮುಂತಾದ ಬಿಡಿ ಭಾಗಗಳನ್ನೂ ಕಳಿಸುತ್ತೇವೆ, 200 ಗ್ರಾಂ ಕವರ್‌ನಲ್ಲಿ. ಅವಕ್ಕೆ ಆ 80ರ ಪ್ಲಾನೇ ಸರಿ. ಒಬ್ಬರಿಗೇ ಎಲ್ಲಾ ಕೊಡಬೇಕು ಅಂತ ಏನಿಲ್ಲ. ತಿಂಗಳಿಗೆ ಕನಿಷ್ಠ ಇಷ್ಟು ಪಾರ್ಸೆಲ್ ಅನ್ನುವ ಷರತ್ತು ಇದ್ದರೆ ಮಾತ್ರ ಹಂಚುವ ಮುಂಚೆ ಯೋಚಿಸಿ. ವಾಪಸ್ ಬರುವ ಪಾರ್ಸೆಲ್‌ಗೆ ಹೋಗುವ ದರದಷ್ಟೇ ಹಾಕುತ್ತಾರೋ, ಇಂಧನ ಸರ್‌ಚಾರ್ಜ್ ಮೇಲಿಂದ ಸೇರುತ್ತದೋ, ಅದನ್ನೂ ಕೇಳಿ ಶೀಟ್‌ಗೆ ಸೇರಿಸಿ.

ಇನ್ನು ಪಿನ್‌ಕೋಡ್. ಇಷ್ಟು ಸಾವಿರ ಪಿನ್‌ಕೋಡ್‌ಗೆ ಹೋಗುತ್ತೇವೆ ಅನ್ನುವ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ನಮ್ಮ ಆರ್ಡರ್ ಬರುವ ಪಿನ್‌ಕೋಡ್‌ಗಳಿಗೆ ಹೋಗುತ್ತಾರಾ ಅನ್ನುವುದಷ್ಟೇ ಬೇಕು. ಅವರ ಫೈಲ್ ಕೇಳಿ ತರಿಸಿ, ನಮ್ಮ ಶೀಟ್‌ಗೆ `VLOOKUP` ಹಾಕಿ, ಎಷ್ಟು ಆರ್ಡರ್ ಹೊರಗುಳಿಯುತ್ತವೆ ಎಂದು ಎಣಿಸುತ್ತೇನೆ. ಪಿನ್‌ಕೋಡ್‌ಗಳನ್ನಲ್ಲ, ಆರ್ಡರ್‌ಗಳನ್ನು. ಒಂದೇ ಪಿನ್‌ಕೋಡ್‌ನಿಂದ ಹತ್ತಾರು ಗಿರಾಕಿಗಳಿರಬಹುದು. ಎಲ್ಲಾ ಸಾಲಿನಲ್ಲೂ `#N/A` ಬಂದರೆ ಗಾಬರಿ ಬೇಡ. ಒಂದು ಕಡೆ ಪಿನ್‌ಕೋಡ್ ಸಂಖ್ಯೆಯಾಗಿ, ಇನ್ನೊಂದು ಕಡೆ ಟೆಕ್ಸ್ಟ್ ಆಗಿ ಇದ್ದರೆ ಹೀಗಾಗುತ್ತದೆ. ಎರಡನ್ನೂ ಟೆಕ್ಸ್ಟ್ ಮಾಡಿ.

ಫೈಲ್‌ನಲ್ಲಿ ಬರೀ ಹೌದು-ಇಲ್ಲ ಅಂತಿದ್ದರೆ ಸಾಲದು. ಡೆಲಿವರಿ, ಕ್ಯಾಶ್ ಆನ್ ಡೆಲಿವರಿ, ಗಿರಾಕಿ ಮನೆಯಿಂದ ವಾಪಸ್ ಪಿಕಪ್, ಇವು ಬೇರೆ ಬೇರೆ ಕಾಲಂ ಇರಬೇಕು. ಮೊದಲನೆಯದು ಇದ್ದು ಉಳಿದೆರಡು ಇಲ್ಲದ ಪಿನ್‌ಕೋಡ್‌ಗಳು ಸಾಕಷ್ಟಿರುತ್ತವೆ. ಒಡೆದ ಗಡಿಯಾರ ವಾಪಸ್ ತರಿಸಲು ಹೋದಾಗ ಅದು ಗೊತ್ತಾದರೆ ಕಷ್ಟ. ಝೋನ್ ಕಾಲಂ ಕೂಡ ನೋಡಿ. ಒಬ್ಬರು ಹತ್ತಿರದ ಝೋನ್ ಅನ್ನುವ ಪಿನ್‌ಕೋಡನ್ನು ಇನ್ನೊಬ್ಬರು ದೂರದ ಝೋನ್‌ಗೆ ಹಾಕಿರುತ್ತಾರೆ. ಮೇಲಿನ ಲೆಕ್ಕವೆಲ್ಲಾ ಒಂದೇ ಝೋನ್‌ದು. ಝೋನ್‌ಗೊಂದು ಸಲ ಅದನ್ನು ಓಡಿಸಬೇಕು.

ಪಟ್ಟಿಯಲ್ಲಿದೆ ಅಂದಮಾತ್ರಕ್ಕೆ ದಿನಾ ಹೋಗುತ್ತಾರೆ ಅಂತಲೂ ಅಲ್ಲ. ಅನುಮಾನ ಇರುವ ಪಿನ್‌ಕೋಡ್‌ಗಳಿಗೆ ಕೆಲವು ಪಾರ್ಸೆಲ್ ಕಳಿಸಿ ಟ್ರ್ಯಾಕಿಂಗ್ ನೋಡುತ್ತೇನೆ. ಕೊನೆಯ ಹಬ್‌ಗೆ ತಲುಪಿದ್ದಕ್ಕೂ `Out for delivery` ಬಂದದ್ದಕ್ಕೂ ನಡುವೆ ಪ್ರತಿ ಸಲ ಎರಡು ಮೂರು ದಿನ ಇದ್ದರೆ, ಆ ಕಡೆಗೆ ಅವರ ಹುಡುಗ ದಿನಾ ಹೋಗುತ್ತಿಲ್ಲ. ಮನೆಗೆ ಹೋಗದೆಯೇ ಗಿರಾಕಿ ಸಿಗಲಿಲ್ಲ ಎಂದು ಬರೆದು ವಾಪಸ್ ಕಳಿಸುವುದೂ ಇಂಥ ಜಾಗಗಳಲ್ಲೇ ಜಾಸ್ತಿ. ಅಂಥ ಪಿನ್‌ಕೋಡ್‌ಗಳನ್ನು ಶೀಟ್‌ನಲ್ಲಿ ಕೆಂಪು ಮಾಡಿ ಅಂಚೆ ಪಾರ್ಸೆಲ್‌ಗೆ ತಿರುಗಿಸಿದ್ದೇನೆ.

ಬಿಲ್ ಬಂದಾಗ ನಮ್ಮ ತೂಕಕ್ಕೂ ಅವರ ತೂಕಕ್ಕೂ ತಾಳೆಯಾಗದ ಸಾಲುಗಳು ಇದ್ದೇ ಇರುತ್ತವೆ. ತಕರಾರು ಹೇಳಲು ಕೆಲವೇ ದಿನ ಅವಕಾಶ, ಅಷ್ಟರಲ್ಲಿ ಫೋಟೋ ತೋರಿಸಬೇಕು. ಪ್ರತಿ ಅಳತೆಯ ಡಬ್ಬಿಗೆ ಮೂರು ಕಡೆ ಅಳತೆ ಟೇಪ್ ಹಿಡಿದ ಫೋಟೋ, ತಕ್ಕಡಿ ಮೇಲೆ ಲೇಬಲ್ ಕಾಣುವ ಹಾಗೆ ಒಂದು ಫೋಟೋ ಮೊದಲೇ ಇಟ್ಟುಕೊಂಡಿದ್ದೇವೆ. ಒಂದೇ ಡಬ್ಬಿಗೆ ಪದೇ ಪದೇ ಅದೇ ತಪ್ಪು ತೂಕ ಬರುತ್ತಿದ್ದರೆ ಸಾಲು ಸಾಲಾಗಿ ಜಗಳ ಆಡುವುದಿಲ್ಲ. ಆ ಡಬ್ಬಿಯ ಅಳತೆಯನ್ನೇ ಅವರ ಸಿಸ್ಟಮ್‌ನಲ್ಲಿ ಫ್ರೀಜ್ ಮಾಡಿಸಿ ಎಂದು ನಮ್ಮ ಅಕೌಂಟ್ ಮ್ಯಾನೇಜರ್‌ಗೆ ಮೇಲ್ ಹಾಕುತ್ತೇನೆ.